ಹಾರ್ನ್ ತಾನಾಗಿಯೇ ಕೂಗಿದಾಗ: 85ನೇ ಪಿನ್ನಿನ ಟಿಪ್ಪಣಿ

ತುಮಕೂರಿನ ಶಿರಾ ಗೇಟ್ ಬಳಿಯ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿರುವ ನನ್ನ ಕೈಗೆ ಈ ವಾರ ಏರ್‌ಬ್ಯಾಗ್ ಇಲ್ಲದ ಒಂದು ಹಳೆಯ ಕಾರು ಬಂದಿತ್ತು. ಸ್ಟೇರಿಂಗನ್ನು ಬಲಕ್ಕೆ ಪೂರ್ತಿ ತಿರುಗಿಸಿದರೆ ಗುಂಡಿ ಒತ್ತದೆಯೇ ಹಾರ್ನ್ ಕೂಗುತ್ತಿತ್ತು. ನೇರ ಮಾಡಿದರೆ ನಿಲ್ಲುತ್ತಿತ್ತು.

ಈ ಕಾರಿನಲ್ಲಿ ಫ್ಯೂಸಿನಿಂದ ಬರುವ ಪ್ಲಸ್, ಹಾರ್ನಿಗೆ ಕರೆಂಟು ಬಿಡುವ ಸ್ವಿಚ್ಚಾದ ರಿಲೇಯ 30 ಮತ್ತು 86ನೇ ಪಿನ್ನುಗಳಿಗೆ ಸದಾ ಇರುತ್ತದೆ. 87ರಿಂದ ಹಾರ್ನಿಗೆ ವೈರು ಹೋಗುತ್ತದೆ. 85ರಿಂದ ಹೊರಟ ವೈರು ಸ್ಟೇರಿಂಗ್ ಕಾಲಮ್ಮಿನ ತಿರುಗುವ ಹಿತ್ತಾಳೆ ಉಂಗುರವನ್ನು ದಾಟಿ ಗುಂಡಿಗೆ ತಲುಪುತ್ತದೆ.

ನಾನು ಎಡವಿದ್ದು ಇಲ್ಲಿ. ರಿಲೇ ಕಿತ್ತು, ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಅಭ್ಯಾಸದಂತೆ ಕಾರಿನ ಲೋಹದ ಬಾಡಿಗೆ ಹಾಕಿ, ಸಾಕೆಟ್ಟಿನ 85ನ್ನು ಮುಟ್ಟಿದೆ. ಸ್ಟೇರಿಂಗ್ ತಿರುಗಿಸಿದರೂ ಗುಂಡಿ ಒತ್ತಿದರೂ ಲ್ಯಾಂಪ್ ಹತ್ತಲಿಲ್ಲ. ವೈರು ತುಂಡಾಗಿದೆ ಎಂದು ಬರೆದುಕೊಂಡೆ. ಅದು ತಪ್ಪು. ಗುಂಡಿ ಪ್ಲಸ್ ಕಳುಹಿಸುವುದೇ ಇಲ್ಲ, ಅದು 85ನ್ನು ಬಾಡಿಗೆ ಅರ್ತ್ ಮಾಡುತ್ತದೆ, ಅಷ್ಟೆ. ರಿಲೇ ಇಲ್ಲದಾಗ ಆ ವೈರಿನಲ್ಲಿ ಪ್ಲಸ್ ಎಲ್ಲಿಂದ ಬರಬೇಕು? ಕ್ಲಿಪ್ಪನ್ನು ಬ್ಯಾಟರಿಯ ಪ್ಲಸ್ಸಿಗೆ ಹಾಕಿ ಮತ್ತೆ ಮುಟ್ಟಿದಾಗ ಗುಂಡಿ ಒತ್ತಿದಷ್ಟು ಹೊತ್ತು ಲ್ಯಾಂಪ್ ಉರಿಯಿತು. ಸ್ಟೇರಿಂಗ್ ಬಲಕ್ಕೆ ತಿರುಗಿದಾಗ ಒತ್ತದೆಯೂ ಉರಿಯಿತು. ಆದರೆ ಇದೇ ಕ್ಲಿಪ್ಪಿನಲ್ಲಿ 87ನ್ನು ಮುಟ್ಟಿದರೂ ಲ್ಯಾಂಪ್ ಉರಿಯುತ್ತದೆ, ಏಕೆಂದರೆ ಹಾರ್ನಿನ ಒಳಗಿನ ಸುರುಳಿಯೇ ಅರ್ತಿಗೆ ದಾರಿ. ಪಿನ್ ಸಂಖ್ಯೆ ನೋಡದೆ ಅದನ್ನು ಶಾರ್ಟ್ ಎಂದುಕೊಂಡರೆ ಇಡೀ ಕಾಲಮ್ ಬಿಚ್ಚಬೇಕಾದೀತು.

ಶಾರ್ಟ್ ಆಗಿದ್ದರೆ ಫ್ಯೂಸ್ ಏಕೆ ಹೋಗಲಿಲ್ಲ ಎಂಬುದೂ ನನ್ನನ್ನು ಕಾಡಿತು. 86 ಮತ್ತು 85ರ ನಡುವೆ ರಿಲೇಯ ಕಾಯಿಲ್ ಇದೆ; ಅದು 80 ಓಮ್ ಆಸುಪಾಸಿನದಾದರೆ 12 ವೋಲ್ಟಿಗೆ ಸುಮಾರು 0.15 ಆಂಪಿಯರ್ ಮಾತ್ರ ಹರಿಯುತ್ತದೆ. ಆದ್ದರಿಂದ ಈ ವೈರು ಬಾಡಿಗೆ ತಗುಲಿದರೆ ಫ್ಯೂಸ್ ಸುಡುವುದಿಲ್ಲ, ಕಾಯಿಲ್ 30 ಮತ್ತು 87ನ್ನು ಸೇರಿಸಿ ಹಾರ್ನ್ ಕೂಗುತ್ತದೆ. ಒಂದು ವೇಳೆ 85 ಉರಿಯದೆ, ರಿಲೇ ಹಾಕಿದಾಗ ಮಾತ್ರ ಹಾರ್ನ್ ಕೂಗುತ್ತಿದ್ದರೆ, ರಿಲೇಯೊಳಗಿನ ಪಾಯಿಂಟ್ ಅಂಟಿಕೊಂಡಿದೆ ಎಂದರ್ಥ.

ಹಾರ್ನ್ ಕೂಗದಿದ್ದರೆ ಫ್ಯೂಸ್ ನೋಡಿ, ರಿಲೇ ತೆಗೆದು, ಸಾಕೆಟ್ಟಿನ 30 ಮತ್ತು 87ನ್ನು ದಪ್ಪ ವೈರಿನಿಂದ ಕ್ಷಣಕಾಲ ಜೋಡಿಸಬೇಕು. ಕೂಗಿದರೆ ದೋಷ ರಿಲೇಯಲ್ಲಿ ಅಥವಾ 85ರ ಕಡೆ. ಕೂಗದಿದ್ದರೆ ಹಾರ್ನ್ ಅಥವಾ ಅದರ ವೈರು, ಅರ್ತ್.

ಏರ್‌ಬ್ಯಾಗ್ ಇರುವ ಗಾಡಿಗಳಲ್ಲಿ ಉಂಗುರದ ಬದಲು ಕ್ಲಾಕ್ ಸ್ಪ್ರಿಂಗ್ ಎಂಬ ಸುತ್ತಿಟ್ಟ ಪಟ್ಟಿ ಕೇಬಲ್ ಇರುತ್ತದೆ. ಅದು ಕಡಿದರೆ ಹಾರ್ನ್ ನಿಲ್ಲುವುದರ ಜೊತೆಗೆ ಏರ್‌ಬ್ಯಾಗ್ ದೀಪವೂ ಸಾಮಾನ್ಯವಾಗಿ ಹತ್ತುತ್ತದೆ. ಅಲ್ಲಿ ಬ್ಯಾಟರಿಯ ಮೈನಸ್ ಕಳಚಿ, ಮ್ಯಾನ್ಯುಯಲ್ ಹೇಳಿದಷ್ಟು ಹೊತ್ತು ಕಾಯದೆ ಪ್ಯಾಡ್ ಮುಟ್ಟಬಾರದು, ಏರ್‌ಬ್ಯಾಗಿನ ಹಳದಿ ಕನೆಕ್ಟರಿಗೆ ಟೆಸ್ಟ್ ಲ್ಯಾಂಪ್ ತಾಗಿಸಲೇಬಾರದು. ಹೊಸ ಕಾರುಗಳಲ್ಲಿ ರಿಲೇಯನ್ನು ಕಂಟ್ರೋಲ್ ಮಾಡ್ಯೂಲೇ ನಡೆಸುವುದುಂಟು; ಅಲ್ಲಿ ಈ 85ರ ಪರೀಕ್ಷೆ ನಡೆಯದು.

ನಮ್ಮ ಕಾರಿನಲ್ಲಿ ಸ್ಟೇರಿಂಗ್ ಚಕ್ರ ಬಿಚ್ಚಿದಾಗ, ಉಂಗುರದಿಂದ ಗುಂಡಿಗೆ ಹೋಗುವ ವೈರಿನ ಹೊದಿಕೆ ಬೆರಳಗಲದಷ್ಟು ಸವೆದು, ಒಳಗಿನ ತಾಮ್ರ ಚಕ್ರದ ನಡುವಿನ ಲೋಹದ ಹಬ್ಬಿನ ಅಂಚಿಗೆ ಉಜ್ಜಿ ಹೊಳೆಯುತ್ತಿತ್ತು. ವೈರು ಬದಲಿಸಿ, ಅಂಚಿನಿಂದ ದೂರ ಕಟ್ಟಿ, ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿದೆ; ಗುಂಡಿ ಒತ್ತಿದಾಗ ಮಾತ್ರ ಲ್ಯಾಂಪ್ ಉರಿಯಿತು.