ಮೆಸೇಜಿಂಗ್ ಹೈರಾರ್ಕಿ ಅಂದ್ರೆ ಸ್ಲೋಗನ್‌ಗಳ ಮೆರಿಟ್ ಲಿಸ್ಟ್ ಅಲ್ಲ

ಕಳೆದ ವಾರ ಎಚ್‌ಎಸ್‌ಆರ್ ಲೇಔಟ್‌ನ ಒಂದು ಪುಟ್ಟ ಸಾಫ್ಟ್‌ವೇರ್ ಕಂಪನಿಯವರು ನನಗೊಂದು ಶೀಟ್ ಕಳಿಸಿದರು. ಮೇಲೆ ದಪ್ಪ ಅಕ್ಷರದಲ್ಲಿ 'ಮೆಸೇಜಿಂಗ್ ಹೈರಾರ್ಕಿ' ಅಂತ ಇತ್ತು, ಅಂದರೆ ಕಂಪನಿ ಗಿರಾಕಿಗಳಿಗೆ ಹೇಳುವ ಮಾತುಗಳನ್ನು ಒಂದಕ್ಕೊಂದು ಆಧಾರವಾಗಿ ಜೋಡಿಸುವ ಕ್ರಮ. ಕೆಳಗೆ ನಂಬರ್ ಹಾಕಿದ ಹದಿನಾಲ್ಕು ಸಾಲು. ಒಂದನೆಯದು ಫೌಂಡರ್‌ಗೆ ತುಂಬಾ ಇಷ್ಟವಾದದ್ದು. ಹದಿನಾಲ್ಕನೆಯದು ಸಪೋರ್ಟ್ ಟೀಮಿನ ಹುಡುಗನೊಬ್ಬ ಸೇರಿಸಿದ್ದು, ಉಳಿದ ಯಾರಿಗೂ ಇಷ್ಟವಿಲ್ಲದ್ದು. ಇದು ಹೈರಾರ್ಕಿ ಅಲ್ಲ, ಸ್ಲೋಗನ್‌ಗಳ ಮೆರಿಟ್ ಲಿಸ್ಟ್. ಈ ತಿಂಗಳಲ್ಲಿ ನನ್ನ ಕೈಗೆ ಬಂದ ಇಂಥ ಶೀಟುಗಳಲ್ಲಿ ಇದು ಮೂರನೆಯದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ತಪ್ಪಿಗೆ ಅರ್ಧ ಕಾರಣ ಆ ಪದವೇ. ಗ್ರೀಕ್‌ನಲ್ಲಿ 'ಹಿಯೆರೋಸ್' ಅಂದರೆ ಪವಿತ್ರ, 'ಆರ್ಖೆ' ಅಂದರೆ ಆಳ್ವಿಕೆ. ಹೈರಾರ್ಕಿ ಹುಟ್ಟಿದ್ದು ಆಫೀಸಿನಲ್ಲಲ್ಲ, ದೇವರ ಮನೆಯಲ್ಲಿ. ಸುಮಾರು 1500 ವರ್ಷಗಳ ಹಿಂದೆ ಡಯೊನಿಸಿಯಸ್ ಅನ್ನುವ ಹೆಸರಿಟ್ಟುಕೊಂಡು ಬರೆದ ಕ್ರೈಸ್ತ ಲೇಖಕನೊಬ್ಬ ದೇವದೂತರನ್ನು ಒಂಬತ್ತು ದರ್ಜೆ ಮಾಡಿ, ಮೂರು ಮೂರರಂತೆ ಜೋಡಿಸಿದ. ಅವನ ಲೆಕ್ಕದಲ್ಲಿ ಮೇಲಿನ ದರ್ಜೆಯವರು ಸುಮ್ನೆ ಮೇಲೆ ಕೂತವರಲ್ಲ. ತಮಗೆ ಸಿಕ್ಕ ಬೆಳಕನ್ನು ಕೆಳಗಿನವರಿಗೆ ದಾಟಿಸುವವರು. ಅಂದರೆ ಮೂಲದಲ್ಲಿ ಪದದೊಳಗೆ ಒಂದು ಸಂಬಂಧ ಇತ್ತು. ಒಂದು ಹಂತಕ್ಕೂ ಇನ್ನೊಂದಕ್ಕೂ ನಡುವೆ ಏನೋ ಹರಿಯುತ್ತಿತ್ತು. ಆಮೇಲೆ ಅದು ಪಾದ್ರಿಗಳ ದರ್ಜೆಗೆ ಬಂತು, ಅಲ್ಲಿಂದ ಎಂಡಿ, ಜಿಎಂ, ಮ್ಯಾನೇಜರ್ ಅನ್ನುವ ಚಾರ್ಟಿಗೆ ಇಳಿಯಿತು. ದಾರಿಯಲ್ಲಿ ಸಂಬಂಧ ಕಳಚಿ ಬಿತ್ತು, ಯಾರು ದೊಡ್ಡವರು ಅನ್ನೋದಷ್ಟೇ ಉಳಿಯಿತು.

ಕನ್ನಡದ ಪದಗಳೂ ಇಲ್ಲಿ ಕೈ ಹಿಡಿಯುವುದಿಲ್ಲ. ಶ್ರೇಣಿ ಅಂದರೆ ಸಾಲು. ಏಣಿಶ್ರೇಣಿ ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಇರುವ ಸಾಲು. ಎರಡರಲ್ಲೂ ಕಿವಿಗೆ ಬೀಳೋದು ಯಾವುದು ಮೊದಲು, ಯಾವುದು ಆಮೇಲೆ ಅಂತಲೇ. ನನ್ನನ್ನು ಕೇಳಿದರೆ ಹಳೇ ತೊಟ್ಟಿಮನೆ ನೆನೆಸಿಕೊಳ್ಳಿ. ಮೇಲೆ ತೊಲೆ, ಅದನ್ನು ಹೊತ್ತ ಕಂಬಗಳು, ಕಂಬದ ಬುಡದಲ್ಲಿ ಅಡಿಗಲ್ಲು. ತೊಲೆ ಮೇಲಿದೆ ಅಂತ ಅದು ದೊಡ್ಡದಲ್ಲ, ಕೆಳಗಿನವು ಹೊತ್ತಿರೋದರಿಂದ ಅದು ನಿಂತಿದೆ. ಮೆಸೇಜಿಂಗ್ ಹೈರಾರ್ಕಿಯಲ್ಲಿ ತೊಲೆ ಅಂದರೆ ಕಂಪನಿ ಕೊಡುವ ಒಂದೇ ಒಂದು ಸಾಲಿನ ಮಾತು. ಕಂಬ ಅಂದರೆ ಆ ಮಾತು ಹೇಗೆ ನಡೆಯುತ್ತೆ ಅನ್ನುವ ಎರಡೋ ಮೂರೋ ಕಾರಣ. ಅಡಿಗಲ್ಲು ಅಂದರೆ ಪುರಾವೆ. ಪುರಾವೆ ಮಾತ್ರ ಕೊಳ್ಳುವವರನ್ನು ನೋಡಿಕೊಂಡು ಬದಲಾಗುತ್ತೆ, ಮಾತು ಬದಲಾಗೋದಿಲ್ಲ.

ಎಲ್ಲರೂ ಎಡವೋದು ಇದೇ ಜಾಗದಲ್ಲಿ. ಸಿಎಫ್‌ಒಗೆ 'ಹಣ ಉಳಿಸಿ', ಅಕೌಂಟ್ಸ್‌ನವರಿಗೆ 'ಸಮಯ ಉಳಿಸಿ', ಐಟಿಯವರಿಗೆ 'ಸುರಕ್ಷಿತ' ಅಂತ ಮೂರು ಮಾತು ಕೊಡುತ್ತಾರೆ. ಪುರಾವೆ ಅಂತ ಮೂವರಿಗೂ ಗಿರಾಕಿಗಳ ಲೋಗೋ ಇರುವ ಅದೇ ಒಂದು ಸ್ಲೈಡ್ ತೋರಿಸುತ್ತಾರೆ. ಪೂರ್ತಿ ಉಲ್ಟಾ. ಆ ಮೂವರೂ ಒಂದೇ ಕಂಪನಿಯವರು, ಒಂದೇ ಕ್ಯಾಂಟೀನಲ್ಲಿ ಊಟ ಮಾಡುವವರು. ಮಾತಾಡಿಕೊಂಡಾಗ ತಾವು ಮೂರು ಬೇರೆ ಬೇರೆ ಸಾಫ್ಟ್‌ವೇರ್ ನೋಡಿದ್ದೇವೆ ಅಂತ ಅವರಿಗೆ ಅನಿಸುತ್ತೆ.

ಎಚ್‌ಎಸ್‌ಆರ್‌ನ ಕಂಪನಿಯನ್ನೇ ತಗೊಳ್ಳೋಣ. ಅವರ ಸಾಫ್ಟ್‌ವೇರ್ ಮಾಡುವ ಕೆಲಸ ಇಷ್ಟು. ಒಂದು ಫ್ಯಾಕ್ಟರಿಯ ಖರೀದಿ ಪುಸ್ತಕವನ್ನು, ಸಪ್ಲೈಯರ್‌ಗಳು ಜಿಎಸ್‌ಟಿ ಪೋರ್ಟಲ್‌ಗೆ ಹಾಕಿದ ಬಿಲ್‌ಗಳ ಜೊತೆ ತಾಳೆ ನೋಡುತ್ತೆ. ಪ್ರತಿ ತಿಂಗಳು ಸಪ್ಲೈಯರ್ 11ನೇ ತಾರೀಖಿನೊಳಗೆ ತನ್ನ ಮಾರಾಟದ ಬಿಲ್‌ಗಳ ವಿವರವಾದ ಜಿಎಸ್‌ಟಿಆರ್-1 ಸಲ್ಲಿಸಬೇಕು. 14ಕ್ಕೆ ಫ್ಯಾಕ್ಟರಿಗೆ 2ಬಿ ಬರುತ್ತೆ (ಮೀಸಲಾತಿಯ 2ಬಿ ಅಲ್ಲ, ಇನ್‌ಪುಟ್ ಕ್ರೆಡಿಟ್‌ನ ಪಟ್ಟಿ). 20ರೊಳಗೆ ಫ್ಯಾಕ್ಟರಿ ತನ್ನ ತಿಂಗಳ ರಿಟರ್ನ್ ಆದ 3ಬಿ ಸಲ್ಲಿಸಿ ತೆರಿಗೆ ಕಟ್ಟಬೇಕು. 2022ರ ಜನವರಿಯಿಂದ, ಸಪ್ಲೈಯರ್ ಹಾಕದ ಬಿಲ್‌ಗೆ ಕ್ರೆಡಿಟ್ ಇಲ್ಲ, ಅಂದರೆ ಆ ಖರೀದಿಗೆ ಕೊಟ್ಟ ತೆರಿಗೆಯನ್ನು ಫ್ಯಾಕ್ಟರಿ ತಾನು ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳುವಂತಿಲ್ಲ.

ಶೀಟಿನ ಒಂದನೇ ಸಾಲು 'ಉದ್ಯಮಗಳಿಗಾಗಿ ಎಂಡ್-ಟು-ಎಂಡ್ ಜಿಎಸ್‌ಟಿ ಪ್ಲಾಟ್‌ಫಾರ್ಮ್' ಅಂತಿತ್ತು. ಅದು ಮಾತೇ ಅಲ್ಲ, ಅಂಗಡಿ ಬೋರ್ಡು. ನಾನು ಹಾಗೆಂದಾಗ ಫೌಂಡರ್ ಕೂಡಲೇ 'ಒಂದು ರೂಪಾಯಿ ಕ್ರೆಡಿಟೂ ಕೈತಪ್ಪದು' ಅಂದರು. ಇದು ಮಾತು ಹೌದು, ಆದರೆ ಉಳಿಸಿಕೊಳ್ಳೋಕೆ ಆಗದ ಮಾತು. ಸಪ್ಲೈಯರ್ ಬಿಲ್ ಹಾಕದೆ ಕೂತರೆ ಸಾಫ್ಟ್‌ವೇರ್ ಹೋಗಿ ಅವನ ಕೈ ಹಿಡಿದು ಹಾಕಿಸುತ್ತಾ? ಮೂರನೇ ಪ್ರಯತ್ನ: 'ಯಾವ ಕ್ರೆಡಿಟ್ ಬಂದಿಲ್ಲ ಅಂತ 20ರ ಮೊದಲೇ ಗೊತ್ತು.' ಇದು ಸರಿ ಇದೆ ಅಂತ ನನಗೂ ಅನಿಸಿತು. ಪೀಣ್ಯದ ಒಂದು ಫ್ಯಾಕ್ಟರಿಯ ಅಕೌಂಟ್ಸ್ ಮೇಡಂಗೆ ತೋರಿಸಿದೆವು.

"14 ಆದ್ಮೇಲೆ ಹೇಳಿದ್ರೆ ಏನು ಬಂತು ಸಾರ್?" ಅಂದರು. "ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಅವನು 11ಕ್ಕೆ ಹಾಕಿಲ್ಲ ಅಂದ್ರೆ ಅದು ಮುಂದಿನ ತಿಂಗಳ 2ಬಿಗೇ ಬರೋದು. ನಂಗೆ 8, 9ನೇ ತಾರೀಖಿಗೆ ಹೇಳಿ, ಫೋನ್ ಮಾಡಿ ಹಾಕಿಸ್ತೀನಿ."

ಹಾಗೆ ತೊಲೆ ಸಿಕ್ಕಿತು: 'ಯಾರು ಇನ್ನೂ ಬಿಲ್ ಹಾಕಿಲ್ಲ ಅಂತ 11ರ ಮೊದಲೇ ತಿಳಿಯಿರಿ.' ಶೀಟ್ ತೆರೆದು ನೋಡಿದರೆ, ಸಪೋರ್ಟ್ ಹುಡುಗ ಬರೆದ ಹದಿನಾಲ್ಕನೇ ಸಾಲು ಹೆಚ್ಚುಕಮ್ಮಿ ಇದೇ. ತಾರೀಖು ಮಾತ್ರ ಇರಲಿಲ್ಲ. ದಿನಾ ಗಿರಾಕಿಗಳ ಫೋನ್ ಎತ್ತುವವನು ಅವನೇ ಅಲ್ವಾ.

ಕಂಬ ಹುಡುಕೋಕೆ ನಾನು ಬಳಸೋದು ಒಂದೇ ಪ್ರಶ್ನೆ: 'ಹೇಗ್ರೀ?' ಮಾತಿಗೆ ಒಂದು ಸಲ 'ಹೇಗ್ರೀ' ಅಂದರೆ ಕಂಬ ಬರಬೇಕು. ಕಂಬಕ್ಕೆ 'ಹೇಗ್ರೀ ನಂಬೋದು' ಅಂದರೆ ಪುರಾವೆ ಬರಬೇಕು. ಇವರಿಗೆ ಮೂರು ಕಂಬ ಸಿಕ್ಕವು. ಪುಸ್ತಕದ ಬಿಲ್ಲನ್ನೂ ಪೋರ್ಟಲ್‌ನ ಬಿಲ್ಲನ್ನೂ ದಿನಾ ತಾಳೆ ನೋಡುತ್ತೇವೆ. ಬಾಕಿ ಇರುವವರ ಪಟ್ಟಿಯನ್ನು ಮೊತ್ತದ ಸಮೇತ ಕೊಡುತ್ತೇವೆ. ನಿಮ್ಮ ಪುಸ್ತಕವನ್ನು ಓದುತ್ತೇವೆ, ತಿದ್ದೋದಿಲ್ಲ. ಶೀಟಿನಲ್ಲಿದ್ದ 'ಸುಂದರ ಡ್ಯಾಶ್‌ಬೋರ್ಡ್' ಯಾವ 'ಹೇಗ್ರೀ'ಗೂ ಉತ್ತರ ಆಗಲಿಲ್ಲ, ಹೊರಗೆ ಹೋಯಿತು.

ಇನ್ನು ಪುರಾವೆ. ಅಕೌಂಟ್ಸ್ ಮೇಡಂಗೆ ಕೇಸ್ ಸ್ಟಡಿ ಬೇಕಿಲ್ಲ. ಅವರ ತಲೆನೋವು ಬೇರೆ. ಸಪ್ಲೈಯರ್ ಪೋರ್ಟಲ್‌ನಲ್ಲಿ `PE/0045/25-26` ಅಂತ ಹಾಕಿರುತ್ತಾನೆ, ಇವರ ಹುಡುಗ ಟ್ಯಾಲಿಯಲ್ಲಿ ಸುಮ್ನೆ `45` ಅಂತ ಹೊಡೆದಿರುತ್ತಾನೆ. ಎಕ್ಸೆಲ್‌ನಲ್ಲಿ ವಿಲುಕಪ್ ಹಾಕಿದರೆ ಎರಡೂ ಬೇರೆ ಬಿಲ್. ಹಾಗಾಗಿ ಅವರಿಗೆ ಪುರಾವೆ ಅಂದರೆ ಅವರದೇ ಹೋದ ತಿಂಗಳ ಪುಸ್ತಕವನ್ನು ಅವರ ಎದುರಿಗೇ ಓಡಿಸಿ, ಇಂಥ ಎಷ್ಟು ಜೋಡಿ ಸರಿಯಾಗಿ ಕೂಡಿತು, ಎಷ್ಟು ತಪ್ಪಾಗಿ ಕೂಡಿತು ಅಂತ ಎರಡನ್ನೂ ತೋರಿಸೋದು. ತಪ್ಪಾಗಿ ಕೂಡಿದ್ದನ್ನು ಮುಚ್ಚಿಟ್ಟರೆ ಅವರು ಐದೇ ನಿಮಿಷದಲ್ಲಿ ಹಿಡಿಯುತ್ತಾರೆ.

ಸಿಎಫ್‌ಒಗೆ ಇದೇ ಮಾತು ರೂಪಾಯಿಯಲ್ಲಿ ಬೇಕು. ತಿಂಗಳಿಗೆ 2 ಕೋಟಿ ಖರೀದಿ, 18% ತೆರಿಗೆ ಅಂದುಕೊಳ್ಳಿ. ಕ್ರೆಡಿಟ್ 36 ಲಕ್ಷ. ಅದರಲ್ಲಿ 5% ಬಿಲ್ ಪೋರ್ಟಲ್‌ಗೆ ಬಂದಿಲ್ಲ ಅಂದರೆ ಆ ತಿಂಗಳು 1.8 ಲಕ್ಷವನ್ನು ಕೈಯಿಂದ ನಗದಾಗಿ ಕಟ್ಟಬೇಕು. ಇಲ್ಲಿ ಇವರ ಡೆಕ್‌ನಲ್ಲಿ 'ತಿಂಗಳಿಗೆ 1.8 ಲಕ್ಷ ಉಳಿತಾಯ' ಅಂತ ಬರೆದಿದ್ದರು. ಅದು ಉಳಿತಾಯ ಅಲ್ಲ. ಸಪ್ಲೈಯರ್ ತಡವಾಗಿ ಹಾಕಿದರೂ ಮುಂದಿನ ತಿಂಗಳು ಕ್ರೆಡಿಟ್ ಬರುತ್ತೆ. ತಡೆದದ್ದು ಹಣ ಸಿಕ್ಕಿಕೊಳ್ಳೋದನ್ನು, ನಷ್ಟವನ್ನಲ್ಲ. ಪೂರ್ತಿ ಕಳೆದುಹೋಗೋದು ಅವನು ಹಾಕದೇ ಬಿಟ್ಟರೆ, ಅಥವಾ ಮುಂದಿನ ಆರ್ಥಿಕ ವರ್ಷದ ನವೆಂಬರ್ 30ರ ಗಡುವು ದಾಟಿದರೆ. ವಾರ್ಷಿಕ ರಿಟರ್ನ್ ಅದಕ್ಕೂ ಮೊದಲೇ ಸಲ್ಲಿಸಿದ್ದರೆ ಗಡುವು ಆವತ್ತಿಗೇ ಮುಗಿಯುತ್ತೆ. ಸಿಎಫ್‌ಒಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಒಂದು ಕಲ್ಲು ಸುಳ್ಳು ಅಂತ ಕಂಡರೆ ಅವರು ಉಳಿದ ಕಲ್ಲುಗಳನ್ನು ನೋಡೋಕೂ ಹೋಗುವುದಿಲ್ಲ. ಹಾಗಾಗಿ ಎರಡು ಕಾಲಂ ಮಾಡಿಸಿದೆ: 'ತಡವಾದದ್ದು' ಮತ್ತು 'ಕಳೆದುಹೋಗಬಹುದಾದದ್ದು'. ಎರಡನೆಯದು ಚಿಕ್ಕ ಮೊತ್ತ, ಆದರೆ ಸಿಎಫ್‌ಒ ಬೆರಳಿಟ್ಟಿದ್ದು ಅಲ್ಲೇ.

ಐಟಿ ಹೆಡ್ ವಿಷಯ ಬೇಗ ಮುಗಿಯುತ್ತೆ. ಪೋರ್ಟಲ್ ಪಾಸ್‌ವರ್ಡ್ ಕೇಳ್ತೀರಾ, ಅಥವಾ ಓಟಿಪಿ ಕೊಟ್ಟು ಒಪ್ಪಿಗೆ ಪಡೆಯುವ ಎಪಿಐ ದಾರಿಯಾ? ಡೇಟಾ ಎಲ್ಲಿರುತ್ತೆ? ಬಿಟ್ಟು ಹೋದರೆ ಅಳಿಸ್ತೀರಾ? ಈ ಮೂರಕ್ಕೆ ಒಂದು ಪುಟದ ನೇರ ಉತ್ತರ ಇದ್ದರೆ ಸಾಕು. 'ಸಾಕ್-2 ಇದೆ', ಅಂದರೆ ಡೇಟಾ ಭದ್ರತೆಯ ಆಡಿಟ್ ವರದಿ ಇದೆ ಅಂತ ಹೇಳೋದಾದರೆ ಟೈಪ್ 1 ಯಾ ಟೈಪ್ 2 ಯಾ ಅಂತ ಹೇಳಿ. ಮೊದಲನೆಯದು ಒಂದು ದಿನದ ಮಟ್ಟಿಗೆ ನೋಡಿದ್ದು, ಎರಡನೆಯದು ತಿಂಗಳುಗಟ್ಟಲೆ ನಡೆದದ್ದನ್ನು ನೋಡಿದ್ದು. ಬರೀ ಲಾಂಛನ ಹಾಕಿದರೆ ಅವರು ಟೈಪ್ 1 ಅಂತಲೇ ಲೆಕ್ಕ ಹಾಕುತ್ತಾರೆ.

ತೊಲೆಗೂ ಒಂದು ಮಿತಿ ಇದೆ, ಅದನ್ನೂ ಶೀಟಿನಲ್ಲೇ ಬರೆಸಿದೆ. 5 ಕೋಟಿವರೆಗಿನ ವಹಿವಾಟಿನ ಸಪ್ಲೈಯರ್ ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ದಾರಿ ಆರಿಸಿಕೊಳ್ಳಬಹುದು. ನಡುವಿನ ತಿಂಗಳುಗಳಲ್ಲಿ ಬೇಕಿದ್ದರೆ 13ರೊಳಗೆ ಬಿಲ್ ಹಾಕಬಹುದು, ಕಡ್ಡಾಯ ಇಲ್ಲ. ಪೀಣ್ಯದ ಫ್ಯಾಕ್ಟರಿಗೆ ಜಾಬ್ ವರ್ಕ್ ಮಾಡಿಕೊಡುವ ಸಣ್ಣ ಶೆಡ್‌ನವರಲ್ಲಿ ಇಂಥವರು ಸಾಕಷ್ಟು ಜನ. ಅವರ ಮಟ್ಟಿಗೆ '11ರ ಮೊದಲೇ' ಅನ್ನೋದಕ್ಕೆ ಅರ್ಥವಿಲ್ಲ. ಪಟ್ಟಿಯಲ್ಲಿ ಅವರನ್ನು ಬೇರೆ ಬಣ್ಣದಲ್ಲಿ ತೋರಿಸಬೇಕು, ಇಲ್ಲದಿದ್ದರೆ ಮೇಡಂ ಸುಮ್ನೆ ಫೋನ್ ಮಾಡಿ ಬೈಸಿಕೊಳ್ಳುತ್ತಾರೆ.

ಕಂಬಕ್ಕೂ ಗೆದ್ದಲು ಹಿಡಿಯುತ್ತೆ. 2024ರ ಅಕ್ಟೋಬರ್‌ನಲ್ಲಿ ಪೋರ್ಟಲ್‌ನಲ್ಲೇ ಇನ್‌ವಾಯ್ಸ್ ಮ್ಯಾನೇಜ್‌ಮೆಂಟ್ ಸಿಸ್ಟಂ ಬಂತು. ಸಪ್ಲೈಯರ್ ಬಿಲ್ ಸೇವ್ ಮಾಡಿದರೆ ಸಾಕು, ಖರೀದಿದಾರನಿಗೆ ಅಲ್ಲೇ ಕಾಣುತ್ತೆ. 'ಪೋರ್ಟಲ್‌ನಲ್ಲಿ ಏನಿದೆ ಅಂತ ತೋರಿಸ್ತೇವೆ' ಅನ್ನೋದನ್ನೇ ಕಂಬ ಮಾಡಿಕೊಂಡವರಿಗೆ ಅದರಿಂದ ಕಷ್ಟ. ನಮ್ಮವರ ಕಂಬ ನಿಂತಿರೋದು ತಾಳೆ ನೋಡೋದರ ಮೇಲೆ, ಅಂದರೆ `PE/0045/25-26` ಮತ್ತು `45` ಒಂದೇ ಅಂತ ಗುರುತಿಸೋದರ ಮೇಲೆ. ಅದು ಇನ್ನೂ ಗಟ್ಟಿ ಇದೆ.

ಕೊನೆಗೆ ಫೌಂಡರ್ ಕೇಳಿದರು, "ಹಾಗಾದ್ರೆ ವೆಬ್‌ಸೈಟಲ್ಲಿ ಇದೇ ಆರ್ಡರ್‌ನಲ್ಲಿ ಹಾಕ್ಬೇಕಾ?" ಮತ್ತೆ ಸಾಲು, ಮತ್ತೆ ನಂಬರ್! ಬೇಕಿಲ್ಲ. ಐಟಿ ಹೆಡ್‌ಗೆ ಮೇಲ್ ಬರೆಯುವಾಗ ಓಟಿಪಿ ವಿಷಯದಿಂದಲೇ ಶುರು ಮಾಡಿ, ತೊಲೆ ಕೊನೆಯ ಸಾಲಿನಲ್ಲಿ ಬರಲಿ. ಮನೆಗೆ ಯಾವ ಬಾಗಿಲಿಂದ ಕರೆದುಕೊಂಡು ಹೋಗ್ತೀರಿ ಅನ್ನೋದು ಬೇರೆ ಪ್ರಶ್ನೆ. ಅವರು ಶೀಟಿನ ನಂಬರ್ ಕಾಲಂ ಅಳಿಸಿದರು. ಉಳಿದ ಹದಿಮೂರು ಸಾಲುಗಳನ್ನು ಇನ್ನೊಂದು ಟ್ಯಾಬ್‌ಗೆ ಹಾಕಿಕೊಂಡಿದ್ದಾರೆ, ಹೆಸರು 'ಸ್ಲೋಗನ್ಸ್'.