ಸ್ಯಾಲರಿ ಸ್ಲಿಪ್‌ನಲ್ಲಿ ಹೆಸರು ತಪ್ಪಾಗಿದೆ, ಪೇರೋಲ್‌ಗೆ ಏನಂತ ಬರೆಯಲಿ?

ಪ್ರಶ್ನೆ: ಕೆಲಸಕ್ಕೆ ಸೇರಿ ಎಂಟು ತಿಂಗಳಾಯ್ತು. ಸ್ಯಾಲರಿ ಸ್ಲಿಪ್‌ನಲ್ಲಿ ನನ್ನ ಹೆಸರಿನ ಒಂದು ಅಕ್ಷರ ಬಿಟ್ಟುಹೋಗಿದೆ, ಕಂಪನಿ ತೆರಿಗೆ ಇಲಾಖೆಗೆ ಸಲ್ಲಿಸಿದ ವಿವರದಲ್ಲೂ ಅದೇ ತಪ್ಪು. ಎರಡು ಸಲ ಹೋಗಿ ಹೇಳಿದೆ. ಸರಿ ಮಾಡ್ತೀವಿ ಅಂದರು, ಮಾಡಲಿಲ್ಲ. ಪತ್ರದಲ್ಲಿ ಏನು ಬರೆಯಬೇಕು?

ಉತ್ತರ: ಬರೆಯೋಕೆ ಮೊದಲು ಒಂದು ಕೆಲಸ ಮಾಡಿ. ಸ್ಲಿಪ್‌ನಲ್ಲಿರುವ ತೆರಿಗೆ ಸಂಖ್ಯೆಯನ್ನು ನಿಮ್ಮ ಮೂಲ ದಾಖಲೆಯ ಜೊತೆ ಒಂದೊಂದೇ ಅಂಕಿ ಹಿಡಿದು ತಾಳೆ ನೋಡಿ. ಸಂಖ್ಯೆ ಸರಿ ಇದ್ದು ಹೆಸರು ಮಾತ್ರ ತಪ್ಪಿದ್ದರೆ ಅಷ್ಟು ಗಾಬರಿ ಬೇಡ, ಯಾಕಂದ್ರೆ ಕಡಿತವಾದ ತೆರಿಗೆ ಯಾರದ್ದು ಅಂತ ಗುರುತಿಸೋದು ಸಾಮಾನ್ಯವಾಗಿ ಸಂಖ್ಯೆಯಿಂದ. ಸಂಖ್ಯೆಯೇ ತಪ್ಪಿದ್ದರೆ ಮಾತ್ರ ಅದು ಬೇರೆ ವಿಷಯ. ನಿಮ್ಮ ತೆರಿಗೆ ಇನ್ನೊಬ್ಬರ ಖಾತೆಗೆ ಹೋಗುತ್ತಿರಬಹುದು, ಹಾಗಾಗಿ ಪತ್ರದ ಮೊದಲ ಸಾಲಿನಲ್ಲೇ ಅದನ್ನು ಬರೆಯಿರಿ.

ಇನ್ನೊಂದು: ತೆರಿಗೆ ಇಲಾಖೆ ಕೊಟ್ಟ ದಾಖಲೆಯಲ್ಲೇ ಹೆಸರು ತಪ್ಪಿದ್ದರೆ ಪೇರೋಲ್‌ನವರು ಏನೂ ಮಾಡಲಾರರು. ಅವರು ಅದನ್ನೇ ನೋಡಿ ತುಂಬುತ್ತಾರೆ. ಮೊದಲು ಅಲ್ಲಿ ಸರಿ ಮಾಡಿಸಿ, ಆಮೇಲೆ ಪತ್ರ.

ಈಗ ನಿಮ್ಮ ಕೆಲಸ ಯಾಕೆ ಆಗಲಿಲ್ಲ ಅಂತ ನೋಡೋಣ. ನೀವು ಕೇಳುತ್ತಿರುವುದು ನಿಮಗೆ ಒಂದು ಕೆಲಸ, ಅವರಿಗೆ ಎರಡು. ಸ್ಲಿಪ್ ಅನ್ನೋದು ನೌಕರರ ಮೂಲ ದಾಖಲೆಯಿಂದ ಪ್ರತಿ ತಿಂಗಳು ಹೊಸದಾಗಿ ಬರುತ್ತದೆ. ಅಲ್ಲಿ ಒಂದು ಸಲ ತಿದ್ದಿದರೆ ಮುಂದಿನ ತಿಂಗಳಿಂದ ಸರಿ. ಆದರೆ ಕಳೆದ ತಿಂಗಳುಗಳ ತೆರಿಗೆ ವಿವರ ಆಗಲೇ ಇಲಾಖೆಗೆ ಹೋಗಿಬಿಟ್ಟಿರುತ್ತದೆ. ಅದನ್ನು ಸರಿ ಮಾಡಬೇಕಾದರೆ ತಿದ್ದಿದ ವಿವರವನ್ನು ಮತ್ತೆ ಸಲ್ಲಿಸಬೇಕು, ಕೆಲವು ಕಂಪನಿಗಳಲ್ಲಿ ಆ ಕೆಲಸ ಮಾಡುವವರೇ ಬೇರೆ. "ಹೆಸರು ಸರಿ ಮಾಡಿ" ಅಂತ ಸುಮ್ನೆ ಬರೆದರೆ ಮೊದಲನೆಯದು ಆಗಿ, ಎರಡನೆಯದು ಹಾಗೇ ಉಳಿಯುತ್ತದೆ. ಎರಡನ್ನೂ ಬೇರೆ ಬೇರೆಯಾಗಿ, ನಂಬರ್ ಹಾಕಿ ಕೇಳಿ.

ಪದದ ಬಗ್ಗೆಯೂ ಎಚ್ಚರ ಇರಲಿ. "ಹೆಸರು ಬದಲಾವಣೆ" ಅಂತ ಬರೆಯಬೇಡಿ, "ತಿದ್ದುಪಡಿ" ಅಂತ ಬರೆಯಿರಿ. ಬದಲಾವಣೆ ಅಂದ ಕೂಡಲೇ ಹೆಸರು ಯಾವಾಗ ಬದಲಾಯಿತು, ಅದಕ್ಕೆ ದಾಖಲೆ ಎಲ್ಲಿ ಅಂತ ಕೇಳುತ್ತಾರೆ, ನಿಮ್ಮ ಹತ್ತಿರ ಅದು ಇರೋದೇ ಇಲ್ಲ ಅಲ್ವಾ? ನಿಮ್ಮ ಹೆಸರು ಮೊದಲಿಂದಲೂ ಅದೇ, ಟೈಪ್ ಮಾಡಿದ್ದು ತಪ್ಪು.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

ವಿಷಯ: ನೌಕರ ಸಂಖ್ಯೆ ____, ಹೆಸರಿನ ತಿದ್ದುಪಡಿ

ಮಾನ್ಯರೇ,
ನಾನು ಕೆಲಸಕ್ಕೆ ಸೇರಿದ ತಿಂಗಳಿಂದ ಇಲ್ಲಿಯವರೆಗಿನ ಎಲ್ಲ ಸ್ಯಾಲರಿ ಸ್ಲಿಪ್‌ಗಳಲ್ಲಿ ನನ್ನ ಹೆಸರು ತಪ್ಪಾಗಿ ಮುದ್ರಣವಾಗಿದೆ.
ಈಗ ಇರುವುದು: KAVITA RAMESH
ಇರಬೇಕಾದದ್ದು: KAVITHA RAMESH (T ನಂತರ H ಬಿಟ್ಟುಹೋಗಿದೆ)
ತೆರಿಗೆ ಸಂಖ್ಯೆ ಸರಿಯಾಗಿದೆ. ದಯವಿಟ್ಟು,
1. ನೌಕರರ ಮೂಲ ದಾಖಲೆಯಲ್ಲಿ ಹೆಸರು ತಿದ್ದಿ, ಮುಂದಿನ ಸ್ಲಿಪ್‌ನಿಂದ ಸರಿಯಾಗಿ ಬರುವಂತೆ ಮಾಡಿ.
2. ಈಗಾಗಲೇ ತೆರಿಗೆ ಇಲಾಖೆಗೆ ಸಲ್ಲಿಸಿದ ವಿವರಗಳಲ್ಲೂ ತಿದ್ದುಪಡಿ ಸಲ್ಲಿಸಿ, ಸಲ್ಲಿಸಿದ ದಿನಾಂಕ ತಿಳಿಸಿ.
ಸರಿಯಾದ ಹೆಸರಿರುವ, ತೆರಿಗೆ ಇಲಾಖೆ ಕೊಟ್ಟ ದಾಖಲೆಯ ಪ್ರತಿ ಮತ್ತು ತಪ್ಪಿರುವ ಒಂದು ಸ್ಲಿಪ್ ಲಗತ್ತಿಸಿದ್ದೇನೆ.

ಅಷ್ಟೇ ಸಾಕು. ಆವರಣದಲ್ಲಿ ಯಾವ ಅಕ್ಷರ ಅಂತ ಬರೆದದ್ದು ಸುಮ್ನೆ ಅಲ್ಲ. ಎರಡು ಹೆಸರನ್ನೂ ಅಕ್ಕಪಕ್ಕ ಇಟ್ಟರೂ ಕಣ್ಣು ತಪ್ಪಿಹೋಗುತ್ತದೆ, ತಿದ್ದುವವರು ನೋಡಿ "ಸರಿಯಾಗೇ ಇದೆಯಲ್ಲ" ಅಂತ ಮುಚ್ಚಿಬಿಡುತ್ತಾರೆ. ಹಿಂದೆ ಎರಡು ಸಲ ಹೇಳಿದ್ದೆ ಅನ್ನೋ ದೂರು ಈ ಪತ್ರದಲ್ಲಿ ಬೇಡ, ಅದರಿಂದ ಕೆಲಸ ಬೇಗ ಆಗಲ್ಲ.

ಹಳೆಯ ಎಂಟು ಸ್ಲಿಪ್‌ಗಳನ್ನು ಮತ್ತೆ ಮುದ್ರಿಸಿ ಕೊಡಿ ಅಂತ ನಾನಂತೂ ಕೇಳುವುದಿಲ್ಲ, ತುಂಬಾ ಕಡೆ ಮುಗಿದ ತಿಂಗಳ ಲೆಕ್ಕವನ್ನು ಮತ್ತೆ ತೆರೆಯುವುದಿಲ್ಲ. ಸಾಲಕ್ಕೋ ವೀಸಾಕ್ಕೋ ಬೇಕಿದ್ದರೆ, ಎರಡು ಹೆಸರೂ ಒಬ್ಬರದೇ ಅಂತ ಕಂಪನಿಯ ಒಂದು ಪತ್ರ ಕೇಳಿ. ಅದು ಸುಲಭವಾಗಿ ಸಿಗುತ್ತದೆ.

ಸಂಬಳದ ಲೆಕ್ಕ ಮುಚ್ಚುವ ದಿನಕ್ಕಿಂತ ಮೊದಲೇ ಪತ್ರ ಕಳಿಸಿ. ಆಮೇಲೆ ಬಂದ ತಿದ್ದುಪಡಿ ಮುಂದಿನ ತಿಂಗಳಿಗೆ ಹೋಗುತ್ತದೆ. ಬ್ಯಾಂಕ್ ಖಾತೆಯಲ್ಲಿ ನಿಮ್ಮ ಹೆಸರು ಹೇಗಿದೆ ಅಂತಲೂ ನೋಡಿಕೊಳ್ಳಿ, ಅಲ್ಲೂ ಹಳೆ ತಪ್ಪೇ ಇದ್ದರೆ ಪೇರೋಲ್‌ನಲ್ಲಿ ತಿದ್ದಿದ ಮೇಲೆ ಹೆಸರು ಹೊಂದದೆ ಸಂಬಳ ವಾಪಸ್ ಹೋಗುವ ಸಾಧ್ಯತೆ ಇದೆ.

ಮುಂದಿನ ಸ್ಲಿಪ್ ಸರಿಯಾಗಿ ಬಂತು ಅಂತ ಸುಮ್ಮನಾಗಬೇಡಿ. ಹಳೆಯ ತಿಂಗಳುಗಳ ತಿದ್ದುಪಡಿ ಸಲ್ಲಿಸಿದ ದಿನಾಂಕ ತಿಳಿಸಿದ್ದಾರಾ ಅಂತ ನೋಡಿ. ಇನ್ನೂ ತಿಳಿಸದಿದ್ದರೆ ಹೊಸ ಪತ್ರ ಬೇಡ, ಅದೇ ಮೇಲ್‌ಗೆ ಉತ್ತರವಾಗಿ "2ನೇ ಕೋರಿಕೆ ಬಾಕಿ ಇದೆ, ಯಾವ ದಿನ ಸಲ್ಲಿಸುತ್ತೀರಿ?" ಅಂತ ಕೇಳಿ.