‘ಕೌಂಟರಲ್ಲಿ ನೀವಿದ್ದರೆ ಏನು ಮಾಡ್ತಿದ್ರಿ?’

ಪ್ರಶ್ನೆ: ಸರ್, ನಾನು ಸಿಂಧನೂರಿನವಳು. ಐಬಿಪಿಎಸ್ ಪಿಒ ಮೇನ್ಸ್ ಪಾಸಾಗಿದ್ದೇನೆ. ತಂಗಿ ಕ್ಲರ್ಕ್ ಮೇನ್ಸ್ ಬರೆದಿದ್ದಾಳೆ. ‘ಹೀಗಾದರೆ ಏನು ಮಾಡ್ತೀರಿ’ ಎಂಬ ಪ್ರಶ್ನೆ ಬಂದರೆ ತಡವರಿಸುತ್ತೇನೆ. ಇಂಟರ್‌ವ್ಯೂಗೆ ಇಬ್ಬರೂ ಹೇಗೆ ತಯಾರಾಗಬೇಕು?

ಉತ್ತರ: ತಂಗಿ ನಿಶ್ಚಿಂತೆಯಿಂದ ಇರಲಿ. ಕ್ಲರ್ಕ್ ಹುದ್ದೆಗೆ ಇಂಟರ್‌ವ್ಯೂ ಇಲ್ಲ. ಸ್ಥಳೀಯ ಭಾಷೆಯ ಪರೀಕ್ಷೆ ಇರುತ್ತದೆ, ಕನ್ನಡ ಓದಿ ಬರೆಯಲು ಬಂದರೆ ಅದೇನೂ ಕಷ್ಟವಲ್ಲ. ಇಂಟರ್‌ವ್ಯೂ ಇರುವುದು ನಿಮಗೆ ಮಾತ್ರ. ಕೊನೆಯ ಪಟ್ಟಿಯಲ್ಲಿ ಮೇನ್ಸ್‌ಗೆ 80, ಇಂಟರ್‌ವ್ಯೂಗೆ 20ರ ತೂಕ.

ಬಳ್ಳಾರಿಯಲ್ಲಿ ಹುಡುಗರನ್ನು ಕೂರಿಸಿ ಅಭ್ಯಾಸ ಮಾಡಿಸುವಾಗ ನಾನು ಕೇಳುವುದು ಇದನ್ನೇ: ನಿವೃತ್ತ ಮೇಷ್ಟ್ರೊಬ್ಬರು ಬಂದು, ‘8 ಲಕ್ಷದ ಎಫ್‌ಡಿ ಮುರಿದು ಈಗಲೇ ಆರ್‌ಟಿಜಿಎಸ್ ಮಾಡಿ’ ಅನ್ನುತ್ತಾರೆ. ಕೈಯಲ್ಲಿ ಫೋನು, ಕರೆ ಇನ್ನೂ ನಡೆದಿದೆ. ಯಾರಿಗೆ ಎಂದರೆ ಹೇಳುತ್ತಿಲ್ಲ.

ಒಬ್ಬ ‘ದುಡ್ಡು ಅವರದ್ದು, ಕಳಿಸ್ತೀನಿ ಸರ್’ ಅಂದ. ಇನ್ನೊಬ್ಬಳು ‘ಆಗಲ್ಲ ಅಂತೀನಿ’ ಅಂದಳು. ಎರಡೂ ಸಾಲದು. ಮೊದಲನೆಯವನು ಕಣ್ಣೆದುರಿಗಿದ್ದದ್ದನ್ನು ನೋಡಲಿಲ್ಲ. ಎರಡನೆಯವಳು ತನಗಿಲ್ಲದ ಅಧಿಕಾರ ಚಲಾಯಿಸಿದಳು.

ಫೋನು ಕಟ್ ಮಾಡದಿರುವುದೇ ಇಲ್ಲಿ ಸುಳಿವು. ಇದು ‘ಡಿಜಿಟಲ್ ಅರೆಸ್ಟ್’ ವಂಚನೆ ಇರಬಹುದು. ಹಾಗಾಗಿ ಮೊದಲು ಅವರನ್ನು ಒಳಗೆ ಕೂರಿಸಿ, ನೀರು ಕೊಟ್ಟು, ಕರೆ ಕಟ್ ಮಾಡಿಸುತ್ತೇನೆ ಎನ್ನಿ. ಪೊಲೀಸರು ವಿಡಿಯೋ ಕರೆಯಲ್ಲಿ ಯಾರನ್ನೂ ಬಂಧಿಸುವುದಿಲ್ಲ, ಕಾನೂನಿನಲ್ಲಿ ಅಂಥದ್ದೇ ಇಲ್ಲ ಎಂದು ತಿಳಿಸುತ್ತೇನೆ, ಮ್ಯಾನೇಜರ್‌ಗೆ ಹೇಳುತ್ತೇನೆ, ಮೇಷ್ಟ್ರು ಒಪ್ಪಿದರೆ ಅವರ ಮನೆಯವರಿಗೆ ಫೋನು ಮಾಡಿಸುತ್ತೇನೆ ಎನ್ನಿ. ಆರ್‌ಟಿಜಿಎಸ್ ಹಣ ನಿಮಿಷಗಳಲ್ಲಿ ತಲುಪುತ್ತದೆ, ಆದ್ದರಿಂದ ಈ ಮಾತುಕತೆಗೆ ಹಿಡಿಯುವ ಹತ್ತು ನಿಮಿಷವೇ ದೊಡ್ಡದು.

ಇಂಟರ್‌ವ್ಯೂ ಸಮಿತಿ ಅಲ್ಲಿಗೇ ಬಿಡುವುದಿಲ್ಲ. ‘ಅವರು ಕೂಗಾಡಿ, ದೂರು ಕೊಡ್ತೀನಿ ಅಂದ್ರೆ?’ ಆಗ ವೀರಾವೇಶ ಬೇಡ. ತೀರ್ಮಾನ ಮ್ಯಾನೇಜರದ್ದು ಎಂದು ಒಪ್ಪಿಕೊಳ್ಳಿ. ‘ಹಣ ಹೋಗಿಬಿಟ್ಟಿದ್ರೆ?’ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸುತ್ತೇನೆ, `cybercrime.gov.in`ನಲ್ಲಿ ದೂರು ಹಾಕಿಸುತ್ತೇನೆ ಎನ್ನಿ. ನೋಡಿ, ಪ್ರಚಲಿತ ವಿದ್ಯಮಾನ ಬೇರೆ, ಸನ್ನಿವೇಶದ ಪ್ರಶ್ನೆ ಬೇರೆ ಅಲ್ಲವೇ ಅಲ್ಲ.

ನಿಮ್ಮೂರಿನ ಸುದ್ದಿಯನ್ನೂ ಹೀಗೇ ಓದಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟ್ ಕಿತ್ತುಹೋಯಿತು. ಸಿಂಧನೂರು ಎಂದ ಕೂಡಲೇ ಅದನ್ನು ಎತ್ತಬಹುದು. ತಾರೀಖು ಒಪ್ಪಿಸಿ ಸುಮ್ನೆ ಕೂತರೆ, ‘ಅದಕ್ಕೂ ಬ್ಯಾಂಕಿಗೂ ಏನಮ್ಮ ಸಂಬಂಧ?’ ಅನ್ನುತ್ತಾರೆ. ಕಾಲುವೆಗೆ ನೀರು ಬರದಿದ್ದರೆ ಭತ್ತ ಇಲ್ಲ, ಭತ್ತ ಇಲ್ಲದಿದ್ದರೆ ಬೆಳೆಸಾಲದ ಕಂತು ತಪ್ಪುತ್ತದೆ, ಅಕ್ಕಿ ಗಿರಣಿಯವರ ಸಾಲಕ್ಕೂ ಪೆಟ್ಟು. ಇಷ್ಟು ಹೇಳಿದರೆ ಮುಂದಿನ ಪ್ರಶ್ನೆ ಬೆಳೆಸಾಲದ್ದೇ ಆಗಿರುತ್ತದೆ. ಅದನ್ನು ಓದಿಕೊಂಡೇ ಹೋಗಿ.